ಮುಂದೆ ಓಡುವ ವಾಚು

ದುರ್ಗದಬೈಲಿನ ಪಾನ್ ಅಂಗಡಿಗೆ ಒತ್ತಿಕೊಂಡು ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು. ಅಂಗಡಿ ಅಂದರೆ ಅಷ್ಟೇ. ಮಂಜು ಕರವಸ್ತ್ರ ಬಿಚ್ಚಿ ವಾಚನ್ನು ಪೆಟ್ಟಿಗೆಯ ಮೇಲಿಟ್ಟ.

“ಎಚ್‌ಎಂಟಿ ಜನತಾ! ಏನಾಗೇತಿ ತಮ್ಮಾ?”

“ಮುಂದ ಓಡ್ತೈತ್ರಿ ಕಾಕಾ. ಮುಂಜಾನೆ ಹೊಂದಿಸಿದ್ರ ಸಂಜೀಕ ಹತ್ತು ನಿಮಿಷ ಮುಂದ.”

“ಯಾರದಿದು?”

“ನಮ್ಮಪ್ಪಂದ್ರಿ. ಹೋದ ವರ್ಷ ತೀರ್ಕೊಂಡ್ರು.”

ಕಾಕಾ ‘ಅಯ್ಯೋ ಪಾಪ’ ಅನ್ನಲಿಲ್ಲ. ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಒಳಗೆ ಒಂದು ಸಣ್ಣ ಚಕ್ರ ಅತ್ತ ಇತ್ತ ಅತ್ತ ಇತ್ತ ತಿರುಗುತ್ತಿತ್ತು. ಅದರ ಮೇಲೆ ಕೂದಲಿಗಿಂತ ತೆಳ್ಳನೆಯ ಸ್ಪ್ರಿಂಗ್. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

“ಎಣ್ಣಿ ಹತ್ತಿರಬೇಕು, ಇಲ್ಲಾ...” ಅಂದವರು ಡ್ರಾದಿಂದ ಆಟಿಕೆಯಂಥ ದಿಕ್ಸೂಚಿ ತೆಗೆದು ವಾಚಿನ ಹತ್ತಿರ ತಂದರು. ಮುಳ್ಳು ಗರ್ರನೆ ತಿರುಗಿತು. “ನಿಮ್ಮಪ್ಪಾರು ಏನ್ ಮಾಡ್ತಿದ್ರು?”

“ಮೋಟರ್ ವೈಂಡಿಂಗ್ರಿ. ಗೋಕುಲ ರೋಡಿನಾಗ.”

“ಮತ್ತ! ಮ್ಯಾಗ್ನೆಟ್ ಹತ್ತೇತಿ. ಸುರುಳಿ ಒಂದಕ್ಕೊಂದು ಕಚ್ಚಿಕೊಂಡ್ರ ಸ್ಪ್ರಿಂಗ್ ಗಿಡ್ಡ ಆದಂಗ. ಚಕ್ರ ಜಲ್ದಿ ತಿರಗತೈತಿ. ಅವ್ರಿಗೂ ದಿನಾ ಮುಂದ ಓಡಿರಬೇಕಲ್ಲ?”

ಮಂಜುಗೆ ಆಗ ಹೊಳೆಯಿತು. ಬೆಳಿಗ್ಗೆ 7.05ಕ್ಕೆ ರೇಡಿಯೊದಲ್ಲಿ ಪ್ರದೇಶ ಸಮಾಚಾರ ಶುರುವಾಗುವ ಹೊತ್ತಿಗೆ ಅಪ್ಪ ವಾಚಿನ ಚಾವಿ ಎಳೆದು ಹಿಡಿದು ಕಾಯುತ್ತಿದ್ದ. ಆಗ ಯಾರೂ ಕೆಮ್ಮುವಂತಿರಲಿಲ್ಲ. ಅಪ್ಪನದು ಬಹಳ ಶಿಸ್ತು ಅಂತ ಅವ್ವ ಇಂದಿಗೂ ಓಣಿ ತುಂಬ ಹೇಳುತ್ತಾಳೆ. ಇದನ್ನು ಅವ್ವನಿಗೆ ಹೇಳೋದು ಬೇಡ ಅಂದುಕೊಂಡ.

ಪಾನ್ ಅಂಗಡಿಯಿಂದ ಎಳೆದ ವೈರಿಗೆ ಕಾಕಾ ಒಂದು ನೀಲಿ ಡಬ್ಬಿ ಸಿಕ್ಕಿಸಿದರು. ವಾಚನ್ನು ಅದರ ಮೇಲೆ ಹಿಡಿದು, ಗುಂಡಿ ಒತ್ತಿಕೊಂಡೇ ಕೈಯನ್ನು ನಿಧಾನಕ್ಕೆ ದೂರ ಎಳೆದರು. ಮತ್ತೆ ದಿಕ್ಸೂಚಿ. ಈ ಸಲ ಮುಳ್ಳು ಅಲುಗಲಿಲ್ಲ.

“ಇಷ್ಟೇನ್ರಿ?”

“ಇಷ್ಟ. ಇನ್ನ ಚಾವಿ ಮಾತ್ರ ದಿನಾ ಕೊಡಬೇಕು. ಗಾಜಿಗೆ ಪಾಲಿಶ್ ಹೊಡಿಲೇನು? ಗೀರು ಭಾಳ ಅದಾವ.”

“ಬ್ಯಾಡ್ರಿ.”

“ಛಲೋ, ನನಗೂ ಕೆಲಸ ಕಡಿಮಿ. ಕೈ ಕೊಡು.”

ಬೆಲ್ಟಿನ ಕೊನೆಯ ತೂತಿಗೆ ಹಾಕಿದರೂ ವಾಚು ಮೊಣಕೈವರೆಗೆ ಜಾರಿತು. ಕಾಕಾ ಬೆಲ್ಟ್ ಬಿಚ್ಚಿ ಹಲಗೆಯ ಮೇಲಿಟ್ಟು, ಮೊಳೆಯಂಥದ್ದೊಂದರಿಂದ ಟಕ್ ಟಕ್ ಅಂತ ಎರಡು ತೂತು ಹೊಡೆದರು. ಈಗ ಕೂತಿತು.

“ಎಷ್ಟ್ರಿ ಕಾಕಾ?”

“ನೂರು ಕೊಡು.”

“ತೂತಿಗೆ?”

“ಅದಕ್ಕೇನ್ ರೊಕ್ಕ ತಮ್ಮಾ. ಛಂದಂಗ ರೊಟ್ಟಿ ತಿನ್ನು, ವರ್ಷ ಬಿಟ್ಟು ನಿಮ್ಮಪ್ಪನ ತೂತಿಗೇ ಬರ್ತೀ.”