ಆರ್ಡರ್ 4127: ಪ್ರಿಂಟ್ ಕಪ್ಪಾಗಿ, ಹಸಿರು ಹೊಡೆದು ಬಂದಿವೆ, ಮತ್ತೆ ಹಾಕಿಕೊಡಿ

ಲ್ಯಾಬ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್.

ನವೆಂಬರ್ 12ರಂದು ಆರ್ಡರ್ ಮಾಡಿದ್ದ 36 ಪ್ರಿಂಟ್ ನಿನ್ನೆ ಕೊರಿಯರ್‌ನಲ್ಲಿ ಬಂದವು. ಎಲ್ಲಾ 8x12, ಮ್ಯಾಟ್. ಪ್ಯಾಕಿಂಗ್ ಚೆನ್ನಾಗಿತ್ತು, ಒಂದು ಮೂಲೆಯೂ ಮಡಚಿರಲಿಲ್ಲ. ಆದರೆ ಕವರ್ ಬಿಚ್ಚಿದ ಕೂಡಲೇ ಅಮ್ಮ ಅಂದಿದ್ದು, "ಇದೇನೇ, ಎಲ್ಲರ ಮುಖಕ್ಕೂ ಪಾಚಿ ಕಟ್ಟಿದ ಹಾಗಿದೆಯಲ್ಲ!"

ಇವು ತಂಗಿಯ ಅರಿಶಿನ ಶಾಸ್ತ್ರದ ಫೋಟೋಗಳು. ಅವಳ ಕೆನ್ನೆಯ ಅರಿಶಿನ ಕಾಯಿ ನಿಂಬೆಯ ಬಣ್ಣಕ್ಕೆ ತಿರುಗಿದೆ. ಅಪ್ಪನ ಬಿಳಿ ಪಂಚೆಯಲ್ಲೂ ಹಸಿರು. ಅಮ್ಮನ ಕಪ್ಪು ರವಿಕೆಯ ಮೇಲೆ ಜಡೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಕಪ್ಪಾಗಿದೆ.

ಮೊದಲು ನನ್ನ ಲ್ಯಾಪ್‌ಟಾಪ್ ಮೇಲೇ ಅನುಮಾನ ಬಂತು. ಸ್ಕ್ರೀನ್ ಬೆಳಕು ಜಾಸ್ತಿ ಇಟ್ಟುಕೊಂಡರೆ ಪ್ರಿಂಟ್ ಕಪ್ಪಾಗಿಯೇ ಕಾಣುತ್ತದೆ, ಅದು ಗೊತ್ತು. ಅದಕ್ಕೇ ಬೆಳಕು ಅರ್ಧಕ್ಕೆ ಇಳಿಸಿ, ಬೆಳಿಗ್ಗೆ ಕಿಟಕಿ ಪಕ್ಕ ಕೂತು ಹೋಲಿಸಿ ನೋಡಿದೆ. ಆಗಲೂ ಕಪ್ಪೇ. ಇನ್ನು ಹಸಿರಿಗೆ ಸ್ಕ್ರೀನ್ ಬೆಳಕು ಕಾರಣವಾಗುವುದಿಲ್ಲ ಅಲ್ವಾ?

ಈ ಆರ್ಡರ್‌ನಲ್ಲಿ ಅಜ್ಜನ ಒಂದು ಕಪ್ಪು ಬಿಳುಪು ಫೋಟೋ ಇದೆ, `ajja_bw.jpg`. ಆ ಫೈಲ್‌ನಲ್ಲಿ ಬಣ್ಣವೇ ಇಲ್ಲ. ಆದರೂ ಪ್ರಿಂಟ್‌ನಲ್ಲಿ ಅಜ್ಜನ ಬಿಳಿ ಗಡ್ಡ ತಿಳಿ ಹಸಿರು! ಇನ್ನೊಂದು, `DSC_0418.jpg`. ಇದೇ ಫೈಲನ್ನು ಮಾರ್ಚ್‌ನಲ್ಲೂ ನಿಮ್ಮಲ್ಲೇ ಹಾಕಿಸಿದ್ದೆ, ಇದೇ ಸೈಜ್, ಇದೇ ಮ್ಯಾಟ್. ಆಗ ಒಳ್ಳೆಯ ಬಣ್ಣ ಬಂದಿತ್ತು. ಹಳೆಯದು, ಹೊಸದು ಪಕ್ಕ ಪಕ್ಕ ಇಟ್ಟು ತೆಗೆದ ಫೋಟೋ ಈ ಪತ್ರದ ಜೊತೆಗಿದೆ. ಎರಡೂ ಒಂದೇ ಬೆಳಕಿನಲ್ಲಿವೆ, ನೀವೇ ನೋಡಿ.

ಫೈಲ್‌ಗಳೆಲ್ಲ sRGB, 300 dpi. ಬಣ್ಣ ತಿದ್ದುವುದು ಬೇಡ ಅಂತ ಆರ್ಡರ್‌ನಲ್ಲೇ ಗುರುತು ಹಾಕಿದ್ದೆ. ಹಾಗಾಗಿ ತಪ್ಪು ಮೆಷಿನ್ ಕಡೆಯೇ ಆಗಿರಬೇಕು ಅನ್ನಿಸುತ್ತದೆ. ಪೇಪರ್ ರೋಲ್ ಬದಲಾಯಿಸಿ ಕ್ಯಾಲಿಬ್ರೇಶನ್ ಬಿಟ್ಟುಹೋಯಿತೋ, ಕೆಮಿಕಲ್ ಹಳೆಯದಾಗಿತ್ತೋ, ಅದು ನಿಮಗೇ ಗೊತ್ತು. ಆವತ್ತು ಬೇರೆಯವರ ಆರ್ಡರೂ ಹೀಗೇ ಹೋಗಿದೆಯಾ, ಒಮ್ಮೆ ನೋಡಿ.

ದಯವಿಟ್ಟು 36ನ್ನೂ ಹೊಸದಾಗಿ, ಖರ್ಚಿಲ್ಲದೆ ಹಾಕಿಕೊಡಿ. ಮೊದಲು ಅಜ್ಜನದನ್ನೂ `DSC_0418.jpg` ಅನ್ನೂ ಮಾತ್ರ ಹಾಕಿ ನೋಡಿ. ಗಡ್ಡ ಬೂದು ಬಿಳಿಯಾಗಿ ಬಂದರೆ ಉಳಿದದ್ದಕ್ಕೆ ಕೈ ಹಾಕಿ. ಈಗ ಬಂದಿರುವ ಹಸಿರನ್ನು ಮುಚ್ಚಲು ನನ್ನ ಫೈಲ್‌ಗಳಲ್ಲೇ ಬಣ್ಣ ಬದಲಾಯಿಸಬೇಡಿ. ಹಳೆ ಪ್ರಿಂಟ್ ಬೇಕಿದ್ದರೆ ವಾಪಸ್ ಕಳಿಸುತ್ತೇನೆ, ಆದರೆ ಕೊರಿಯರ್ ಖರ್ಚು ನಿಮ್ಮದು.

ತಂಗಿ ಡಿಸೆಂಬರ್ 3ಕ್ಕೆ ಗಂಡನ ಮನೆಗೆ ಹೊರಡುತ್ತಾಳೆ. ಆಲ್ಬಮ್ ಅವಳ ಕೈಗೇ ಕೊಟ್ಟು ಕಳಿಸಬೇಕು. 1ನೇ ತಾರೀಖಿನೊಳಗೆ ಶಿವಮೊಗ್ಗಕ್ಕೆ ತಲುಪುತ್ತದೆಯೇ ಅಂತ ನಾಳೆಯೊಳಗೆ ತಿಳಿಸಿ. ಆರ್ಡರ್‌ನಲ್ಲಿರುವ ನಂಬರಿಗೆ ಫೋನ್ ಮಾಡಿದರೂ ಆಯಿತು, ಸಂಜೆ 6ರ ಮೇಲೆ ಸಿಗುತ್ತೇನೆ.

ಇಂತಿ,
ಸುಮಾ
ಶಿವಮೊಗ್ಗ, ನವೆಂಬರ್ 20