ನಮ್ಮ ಬಗ್ಗೆ: ಜಗುಲಿ ಅಪ್ಪೆಮಿಡಿ, ಸಾಗರ

ನಮಸ್ಕಾರ. ನಾನು ಸುಮಂಗಲಾ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಳ್ಳಿಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನಕಾಯಿ ಹಪ್ಪಳ ಮಾಡಿ ಮಾರುತ್ತೇನೆ. ಶುರು ಮಾಡಿದ್ದು 2016ರಲ್ಲಿ. ನಮಗೆ ಅಂಗಡಿ ಇಲ್ಲ, ಏಜೆಂಟರೂ ಇಲ್ಲ. ನೀವು ಆರ್ಡರ್ ಕಳಿಸಿದರೆ ಅದನ್ನು ಓದುವವಳೂ ನಾನೇ, ಬಾಟಲಿ ತುಂಬುವವಳೂ ನಾನೇ.

ನೀವು ನಮ್ಮ ಅಡುಗೆಮನೆ ನೋಡಿಲ್ಲ. ತಿನ್ನುವ ಪದಾರ್ಥಕ್ಕೆ ಗುರುತಿಲ್ಲದವರಿಗೆ ಮೊದಲೇ ದುಡ್ಡು ಕಳಿಸಬೇಕು ಅಂದರೆ ಅನುಮಾನ ಬರುವುದು ಸಹಜ, ಅಲ್ವಾ? ಅದಕ್ಕೇ ಬಾಟಲಿಯೊಳಗೆ ಏನಿದೆ, ಯಾರು ಮಾಡುತ್ತಾರೆ, ಏನಾದರೂ ಹೆಚ್ಚುಕಮ್ಮಿಯಾದರೆ ನಾವೇನು ಮಾಡುತ್ತೇವೆ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಓದಿ, ಆಮೇಲೆ ತೀರ್ಮಾನ ಮಾಡಿ.

ಮೊದಲು ಮಿಡಿಯ ವಿಷಯ. ಅಪ್ಪೆಮಿಡಿ ಅಂದರೆ ಯಾವುದೋ ಮಾವಿನ ಎಳೆಕಾಯಿ ಅಲ್ಲ. ಮಲೆನಾಡಿನ ಹೊಳೆದಂಡೆಯಲ್ಲಿ, ಕಾಡಂಚಿನಲ್ಲಿ ತಾನಾಗಿ ಬೆಳೆದ ಮರಗಳ ಮಿಡಿ ಇದು. ಒಂದು ಮರದ ಪರಿಮಳ ಇನ್ನೊಂದಕ್ಕೆ ಇರುವುದಿಲ್ಲ. ಜೀರಿಗೆ ವಾಸನೆ ಬಂದರೆ ಜೀರಿಗೆಮಿಡಿ, ಕರ್ಪೂರದ ವಾಸನೆ ಇದ್ದರೆ ಕರ್ಪೂರಮಿಡಿ. ಈ ಮಿಡಿಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಪರಿಮಳ ಇರುವುದು ಸೊನೆಯಲ್ಲಿ. ತೊಟ್ಟು ಮುರಿದರೆ ಸೊನೆ ಹೋಯಿತು. ನೆಲಕ್ಕೆ ಬಿದ್ದರೆ ಪೆಟ್ಟಾಗಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ಹಾಗಾಗಿ ಮರ ಹತ್ತಿ, ತೊಟ್ಟು ಸಮೇತ ಕೈಯಲ್ಲೇ ಕೊಯ್ದು, ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ಎತ್ತರದ ಮರದಲ್ಲಿ ಇದು ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ. ನಮ್ಮ ಊರಿನ ಸುತ್ತಮುತ್ತಲಿನ ಕೊಯ್ಲುಗಾರರಿಂದಲೇ ನಾವು ಮಿಡಿ ತೆಗೆದುಕೊಳ್ಳುತ್ತೇವೆ, ನೂರಕ್ಕೆ ಇಷ್ಟು ಅಂತ ಎಣಿಸಿ, ಅಲ್ಲೇ ದುಡ್ಡು ಕೊಟ್ಟು. ಕೊಯ್ಯುವುದು ಸುಲಭವಾಗಲಿ ಅಂತ ಕೊಂಬೆಯನ್ನೇ ಕಡಿದು ತಂದ ಮಿಡಿಯನ್ನು ಕೊಳ್ಳುವುದಿಲ್ಲ. ಎಷ್ಟೋ ಒಳ್ಳೊಳ್ಳೆ ಮರಗಳು ಹೀಗೇ ಹಾಳಾಗಿವೆ. ಒಮ್ಮೆ ಹೋದ ಪರಿಮಳ ಮತ್ತೆ ಸಿಗುವುದಿಲ್ಲ. ಒಳ್ಳೆಯ ಮರಗಳಿಂದ ಕಸಿ ಕಟ್ಟಿದ ಗಿಡಗಳನ್ನು ನಮ್ಮ ತೋಟದ ಬೇಲಿಗುಂಟ ನೆಟ್ಟಿದ್ದೇವೆ.

ತಂದ ದಿನವೇ ಮಿಡಿಯನ್ನು ತೊಳೆದು, ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತೇವೆ. ಉಪ್ಪು ಕರಗಿ ನೀರು ಬಿಡುತ್ತದೆ, ಮಿಡಿ ಮುರುಟುತ್ತದೆ. ಚೆನ್ನಾಗಿ ಮುರುಟಿದ ಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲೇ ಮಸಾಲೆ ರುಬ್ಬುತ್ತೇವೆ. ಬೇರೆ ನೀರು ಒಂದು ಹನಿಯೂ ಸೇರುವುದಿಲ್ಲ. ಮಸಾಲೆಗೆ ಬಣ್ಣಕ್ಕೆ ಬ್ಯಾಡಗಿ ಮೆಣಸು, ಖಾರಕ್ಕೆ ಸ್ವಲ್ಪ ಗುಂಟೂರು, ಸಾಸಿವೆ, ಅರಿಶಿನ, ಇಂಗು. ಅಷ್ಟೇ. ಎಣ್ಣೆ, ವಿನೆಗರ್, ಬಣ್ಣ, ಕೆಡದಂತೆ ಹಾಕುವ ಪುಡಿ ಯಾವುದೂ ಇಲ್ಲ.

ಕೆಲವರಿಗೆ ಇದು ಆಗಿಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇದನ್ನು ಕೆಡದಂತೆ ಕಾಯುವುದೇ ಉಪ್ಪು. ಆದ್ದರಿಂದ ಉಪ್ಪು ಜಾಸ್ತಿಯೇ ಇರುತ್ತದೆ. ಬಿ.ಪಿ. ಇರುವವರು, ವೈದ್ಯರು ಉಪ್ಪು ಕಡಿಮೆ ಮಾಡಿ ಅಂದಿರುವವರು ಯೋಚಿಸಿ ತೆಗೆದುಕೊಳ್ಳಿ. ಅಂಗಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾನೋ ಬೆರೆತಿರುತ್ತದೆ. ನಾವು ಬಳಸುವ ಇಂಗಿನಲ್ಲೂ ಇದೆ. ಗೋಧಿ ಆಗದವರು ಮೊದಲೇ ಹೇಳಿದರೆ ಇಂಗಿಲ್ಲದೆ ಮಾಡಿ ಕೊಡುತ್ತೇನೆ. ಆದರೆ ಅದೇ ಅಡುಗೆಮನೆ, ಅದೇ ಒರಳು ಅನ್ನುವುದು ನೆನಪಿರಲಿ. ಸಾಸಿವೆ ಅಲರ್ಜಿ ಇದ್ದವರಿಗೆ ಮಾತ್ರ ಇದು ಖಂಡಿತ ಬೇಡ.

ಕೆಲಸಕ್ಕೆ ನಾನು, ನಮ್ಮ ಅತ್ತೆ, ಪಕ್ಕದ ಮನೆಯ ಇಬ್ಬರು ಅಕ್ಕಂದಿರು. ಉಪ್ಪಿನ ಹದ ನೋಡುವುದು ಇವತ್ತಿಗೂ ಅತ್ತೆಯೇ. ಒಂದು ಮಿಡಿ ತೆಗೆದು ಎರಡು ಬೆರಳಲ್ಲಿ ಒತ್ತಿ ನೋಡಿ, "ಇನ್ನೊಂದೆರಡು ದಿನ ಇರಲಿ" ಅಂದರೆ ಭರಣಿಯ ಬಾಯಿ ಮತ್ತೆ ಕಟ್ಟಿಡಬೇಕು. ಆರ್ಡರ್ ಎಷ್ಟೇ ಬಾಕಿ ಇದ್ದರೂ ಸರಿ. ಅಕ್ಕಂದಿರಿಗೆ ದಿನಗೂಲಿ ಆಯಾ ದಿನವೇ ಕೊಡುತ್ತೇವೆ. ಹಪ್ಪಳದ ಕೆಲಸ ಏಪ್ರಿಲ್–ಮೇ ಬಿಸಿಲಿನಲ್ಲಿ ಮಾತ್ರ. ಬಲಿತ ಹಲಸಿನಕಾಯಿಯ ತೊಳೆ ಬೇಯಿಸಿ, ಕುಟ್ಟಿ, ಒತ್ತಿ, ಚಾಪೆಯ ಮೇಲೆ ಒಣಗಿಸುತ್ತೇವೆ. ಮಳೆ ಹಿಡಿದರೆ ಆ ವರ್ಷದ ಹಪ್ಪಳ ಮುಗಿಯಿತು.

ನಮಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಇದೆ. ಅದರ 14 ಅಂಕಿಯ ಸಂಖ್ಯೆ ಪ್ರತಿ ಬಾಟಲಿಯ ಲೇಬಲ್ ಮೇಲಿದೆ. ಕೇಳಿದರೆ ಆರ್ಡರ್ ಮಾಡುವ ಮೊದಲೇ ಕಳಿಸುತ್ತೇನೆ, foscos.fssai.gov.in ನಲ್ಲಿ ಹಾಕಿ ನೀವೇ ನೋಡಿಕೊಳ್ಳಿ. ಲೇಬಲ್ ಮೇಲೆ ಮಿಡಿ ಉಪ್ಪಿಗೆ ಹಾಕಿದ ತಿಂಗಳು, ಮಸಾಲೆ ಬೆರೆಸಿದ ತಾರೀಖು ಎರಡನ್ನೂ ಕೈಯಲ್ಲಿ ಬರೆದಿರುತ್ತೇವೆ.

ಬೆಲೆ: 250 ಗ್ರಾಂಗೆ ₹180, ಅರ್ಧ ಕಿಲೋಗೆ ₹340. ಜೀರಿಗೆಮಿಡಿಗೆ ಅರ್ಧ ಕಿಲೋ ₹420. ಕಳಿಸುವ ಖರ್ಚು ಬೇರೆ. ಪೇಟೆಯ ಮಾವಿನಕಾಯಿ ಉಪ್ಪಿನಕಾಯಿಗಿಂತ ಇದು ದುಬಾರಿ ಅಂತ ಗೊತ್ತು. ಮರ ಹತ್ತುವವರ ಕೂಲಿ, ಒಂದೊಂದೇ ಮಿಡಿ ಆರಿಸುವ ಕೆಲಸ ಇದರಲ್ಲಿ ಸೇರಿದೆ. ಅಪ್ಪೆ ಮರಗಳು ಪ್ರತಿ ವರ್ಷವೂ ಒಂದೇ ಸಮ ಬಿಡುವುದಿಲ್ಲ. ಫಸಲು ಕಡಿಮೆಯಾದ ವರ್ಷ ಬೇರೆ ಮಾವು ಬೆರೆಸಿ ಬಾಟಲಿ ತುಂಬುವುದಿಲ್ಲ, ಮುಗಿದಿದೆ ಅಂತ ಹೇಳಿಬಿಡುತ್ತೇವೆ. ಮೊದಲ ಸಲ ಕೊಳ್ಳುವವರು ಸುಮ್ನೆ ಒಂದು 250 ಗ್ರಾಂ ತರಿಸಿ ನೋಡಿ. ಇಷ್ಟವಾದರೆ ದೊಡ್ಡದು ತರಿಸಿದರಾಯಿತು.

ದುಡ್ಡು ಯುಪಿಐ ಮೂಲಕ. ಕಳಿಸುವಾಗ ನನ್ನ ಹೆಸರೇ ಕಾಣಬೇಕು. ಬೇರೆ ಹೆಸರು ಬಂದರೆ ಕಳಿಸಬೇಡಿ, ಫೋನ್ ಮಾಡಿ. ಪಾರ್ಸೆಲ್ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಅಂಚೆಯಲ್ಲಿ ಹೋಗುತ್ತದೆ. ಹೋದ ದಿನವೇ ರಸೀದಿಯ ಫೋಟೊ ನಿಮಗೆ ಬರುತ್ತದೆ, ಅದರಲ್ಲಿರುವ ನಂಬರಿನಿಂದ ಪಾರ್ಸೆಲ್ ಎಲ್ಲಿದೆ ನೋಡಬಹುದು. ಬಾಟಲಿ ಒಡೆದೋ ಸೋರಿಯೋ ಬಂದರೆ ತೆರೆದ ದಿನವೇ ಒಂದು ಫೋಟೊ ಹಾಕಿ. ಹೊಸ ಬಾಟಲಿ ಬೇಕೋ ದುಡ್ಡು ವಾಪಸ್ ಬೇಕೋ, ನೀವು ಹೇಳಿದ್ದೇ ಆಗುತ್ತದೆ. ಹಳೆಯದನ್ನು ತಿರುಗಿ ಕಳಿಸುವುದು ಬೇಡ.

ಮನೆಗೆ ಬಂದ ಮೇಲೆ ಒಣ ಚಮಚ ಮಾತ್ರ ಹಾಕಿ. ಮಿಡಿ ಯಾವಾಗಲೂ ರಸದಲ್ಲಿ ಮುಳುಗಿರಲಿ. ಹೀಗಿಟ್ಟರೆ ಹೊರಗೇ ಒಂದು ವರ್ಷ ಇರುತ್ತದೆ. ಒದ್ದೆ ಚಮಚ ತಾಗಿ ಮೇಲೆ ಬೂಷ್ಟು ಕಟ್ಟಿದರೆ ತೆಗೆದು ತಿನ್ನುವ ಪ್ರಯತ್ನ ಮಾಡಬೇಡಿ, ನನಗೆ ಫೋಟೊ ಕಳಿಸಿ.

ಜೋಗ ನೋಡಲು ಬಂದವರು ಹಾಗೇ ನಮ್ಮ ಮನೆಗೂ ಬರಬಹುದು. ಹಿಂದಿನ ದಿನ ತಿಳಿಸಿದರೆ ಲೊಕೇಶನ್ ಕಳಿಸುತ್ತೇನೆ. ಭರಣಿ ಕೋಣೆ ನೋಡಿ, ಮೊಸರನ್ನದ ಜೊತೆ ರುಚಿ ನೋಡಿ. ಕೊಳ್ಳಲೇಬೇಕು ಅಂತೇನಿಲ್ಲ.

ಏನೇ ಕೇಳುವುದಿದ್ದರೂ ಆರ್ಡರ್ ಮಾಡುವ ವಾಟ್ಸಾಪ್ ನಂಬರಿಗೇ ಬರೆಯಿರಿ. ಹಗಲು ಕೈತುಂಬ ಮಸಾಲೆ ಇರುತ್ತದೆ, ಆದ್ದರಿಂದ ಉತ್ತರ ಬರುವುದು ರಾತ್ರಿ 8ರ ನಂತರ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಹೋದರೆ ಮರುದಿನ ಬೆಳಿಗ್ಗೆ.