ಸಂಬಳದ ಮಾತು: ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ತಿದ್ದಿ ಬರೆದ ಮೆಸೇಜು

ಮೊದಲು ಬರೆದದ್ದು, ಕಳಿಸಲಿಲ್ಲ:

ಸರ್, ಮೂರು ವರ್ಷದಿಂದ 19,000ಕ್ಕೇ ದುಡಿಯುತ್ತಿದ್ದೇನೆ. ಕಾಫಿ ರೇಟು ಏರಿದ್ದು ಊರಿಗೆಲ್ಲ ಗೊತ್ತು, ನನ್ನ ಸಂಬಳ ಮಾತ್ರ ಅಲ್ಲೇ ಇದೆ. ಪಕ್ಕದ ತೋಟದಲ್ಲಿ 28,000 ಕೊಡ್ತಾರಂತೆ. ಈ ತಿಂಗಳಿಂದಲೇ ಅಷ್ಟು ಮಾಡಿ. ಇಲ್ಲಾಂದ್ರೆ ಬೇರೆ ರೈಟರ್ ಹುಡುಕಿಕೊಳ್ಳಿ.

ರಾತ್ರಿ ಸಿಟ್ಟಲ್ಲಿ ಬರೆದದ್ದು. ಬೆಳಗ್ಗೆ ಓದಿದಾಗ ಆ ‘ಕೊಡ್ತಾರಂತೆ’ ನನಗೇ ಹಿಡಿಸಲಿಲ್ಲ. ರಿಜಿಸ್ಟರ್ ತೆಗೆದು ಕೂತೆ.

ಕಳಿಸಿದ್ದು:

ಸರ್, ನಮಸ್ಕಾರ. ಈ ವರ್ಷದ ರೊಬಸ್ಟಾ ಕೊಯ್ಲು ಮುಗಿಯಿತು. ಕಣ ಖಾಲಿಯಾಗಿದೆ. ಲೆಕ್ಕ ಕೈಯಲ್ಲಿರುವಾಗಲೇ ಸಂಬಳದ ವಿಷಯ ಮಾತಾಡೋಣ ಅಂತ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಆಳುಗಳ ಹಾಜರಿಯ ಚೆಕ್‌ರೋಲ್ ಮತ್ತು ಸ್ಟೋರ್ ಮಾತ್ರ ನನ್ನದು. ಕಳೆದ ಜೂನ್‌ನಲ್ಲಿ ಸೂಪರ್‌ವೈಸರ್ ಬಿಟ್ಟು ಹೋದ ಮೇಲೆ ಕೊಯ್ಲು, ಕಣ, ಸ್ಪ್ರಿಂಕ್ಲರ್ ಎಲ್ಲವನ್ನೂ ನಾನೇ ನೋಡುತ್ತಿದ್ದೇನೆ. ಫೆಬ್ರವರಿಯಲ್ಲಿ ಹೂಮಳೆ ಬರಲಿಲ್ಲ. ಆಗ ಆನೆ ಓಡಾಡುವ ಹೊತ್ತಲ್ಲೂ ಹನ್ನೊಂದು ರಾತ್ರಿ ಪೈಪ್ ಬದಲಿಸುವವರ ಜೊತೆಗೆ ತೋಟದಲ್ಲೇ ಇದ್ದೆ.

ಹೋದ ವರ್ಷ ನಮ್ಮ ಚೆರ್ರಿಯ ಓಟಿ 26 ಬಂದಿತ್ತು. ಈ ವರ್ಷ 27. ಅಂದರೆ 50 ಕೆಜಿ ಚೆರ್ರಿ ಮೂಟೆಗೆ ಒಂದು ಕೆಜಿ ಕಾಫಿ ಬೇಳೆ ಜಾಸ್ತಿ. ನಾವು ಕಳಿಸಿದ್ದು 1,200 ಮೂಟೆ. ಇವತ್ತಿನ ರೇಟಿಗೆ ಅದೆಷ್ಟಾಗುತ್ತದೆ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ಇದೆಲ್ಲ ನನ್ನೊಬ್ಬನಿಂದಲೇ ಆಯಿತು ಅನ್ನುವುದಿಲ್ಲ, ಕಾಯಿ ತುಂಬುವ ಹೊತ್ತಿಗೆ ಮಳೆಯೂ ಕೈಹಿಡಿಯಿತು. ಆದರೆ ಹಸಿರು ಕಾಯಿ ಕೀಳದ ಹಾಗೆ ಸಾಲುಸಾಲಾಗಿ ನಿಂತು ನೋಡಿದ್ದು ಮೇಸ್ತ್ರಿ ಮತ್ತು ನಾನು. ತೇವ 11 ಪರ್ಸೆಂಟ್‌ಗೆ ಇಳಿಯದೆ ಒಂದು ಮೂಟೆಯನ್ನೂ ಕಟ್ಟಿಸಲಿಲ್ಲ. ಹೋದ ವರ್ಷ ತೇವಕ್ಕೆ ಅಂತ 38 ಮೂಟೆಗೆ ತೂಕ ಮುರಿದಿದ್ದರು, ಈ ಸಲ ಒಂದಕ್ಕೂ ಇಲ್ಲ.

ಹಾಗಾಗಿ ಏಪ್ರಿಲ್‌ನಿಂದ ಸಂಬಳ 24,000 ಮಾಡಬೇಕೆಂದು ಕೇಳುತ್ತಿದ್ದೇನೆ. ಎರಡು ಕೆಲಸಕ್ಕೆ ಎರಡು ಸಂಬಳ ಕೇಳುತ್ತಿಲ್ಲ. ಇನ್ನೊಬ್ಬ ಸೂಪರ್‌ವೈಸರ್‌ನ ಇಟ್ಟುಕೊಂಡರೆ ಆಗುವ ಖರ್ಚಿಗಿಂತ ಇದು ಎಷ್ಟೋ ಕಡಿಮೆ. ಒಂದೇ ಸಲಕ್ಕೆ ಕಷ್ಟ ಅನ್ನಿಸಿದರೆ ಈಗ 22,500 ಮಾಡಿ, ಉಳಿದ 1,500 ಅಕ್ಟೋಬರ್‌ನಿಂದ ಸೇರಿಸಿ. ಹಾಗೆ ಮಾಡುವುದಾದರೆ ಈ ಸಲ ಮಳೆ ಹಿಡಿಯುವ ಮುಂಚೆ ನನ್ನ ಮನೆಯ ಮಾಡು ಒಂದು ಸರಿ ಮಾಡಿಸಿಕೊಡಿ. ಹೋದ ಜುಲೈಯಲ್ಲಿ ಚೆಕ್‌ರೋಲನ್ನೇ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಕಾಯಿತು.

ಈ ತೋಟ ಬಿಡುವ ಯೋಚನೆ ಇಲ್ಲ. ಮುಂದಿನ ವರ್ಷ ಕರಿಮೆಣಸಿನ ಕೊಯ್ಲಿನ ಲೆಕ್ಕವನ್ನೂ ಬಳ್ಳಿ ಸಾಲಿನ ಪ್ರಕಾರ ಇಡಬೇಕು ಅಂದುಕೊಂಡಿದ್ದೇನೆ, ಸೋರುವುದು ಎಲ್ಲಿ ಅಂತ ಆಗ ಗೊತ್ತಾಗುತ್ತದೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ನಿಮಗೆ ಬಿಡುವಿದ್ದರೆ ಬಂಗಲೆಗೆ ಬರುತ್ತೇನೆ. ಎರಡು ವರ್ಷದ ತೂಕದ ಚೀಟಿ, ರಿಜಿಸ್ಟರ್ ಎರಡೂ ತರುತ್ತೇನೆ.